ಛಾಯಾಚಿತ್ರ ವಿವರಣೆಗಳಲ್ಲಿ ಎಡಬಲಗಳ ಪ್ರಮಾದ

ಬಾದಾಮಿಯ ಒಂದನೆಯ ಗುಹೆಯಲ್ಲಿರುವ ಹರಿಹರ ಮೂರ್ತಿಯ ಛಾಯಾಚಿತ್ರವೊಂದಕ್ಕೆ ಗಣಕಯಂತ್ರದಿಂದ ಬರೆಯಿಸಿದ ವಿವರಣೆಯನ್ನು ನಮ್ಮ ವಿದ್ಯಾರ್ಥಿಯೊಬ್ಬರು ಈಚೆಗೆ ನನಗೆ ತೋರಿಸಿದರು. ಪರಶು, ಶಂಖ, ಜಟಾಮುಕುಟ, ಕಿರೀಟ, ನಂದಿ, ಗರುಡ, ಪಾರ್ವತಿ, ಲಕ್ಷ್ಮಿ ಎಲ್ಲವನ್ನೂ ಅದು ತಪ್ಪಿಲ್ಲದೆ ಹೆಸರಿಸಿತ್ತು. ಆದರೆ ಶಿವಭಾಗವು ಬಲಗಡೆ ಇದೆಯೆಂದೂ, ಶಿವನ ಪಕ್ಕದಲ್ಲಿಯೇ ನಿಂತಿರುವ ಪಾರ್ವತಿಯು ಎಡಗಡೆ ಇದ್ದಾಳೆಂದೂ ಅದೇ ವಿವರಣೆ ಹೇಳಿತ್ತು. ಪಾರ್ವತಿಯು ಶಿವನ ಪಕ್ಕವನ್ನು ಬಿಟ್ಟು ವಿಷ್ಣುವಿನ ಪಕ್ಕಕ್ಕೆ ಹೋದಂತಾಯಿತು! ಹೆಸರುಗಳಲ್ಲಿ ಇಷ್ಟು ನಿಖರವಾಗಿದ್ದ ವಿವರಣೆಯು ಎಡಬಲಗಳಲ್ಲಿ ಏಕೆ ಎಡವಿತೆಂಬುದೇ ಇಲ್ಲಿಯ ವಿಚಾರ.

ಮೊದಲು ಒಂದು ಸರಳವಾದ ಪ್ರಯೋಗವನ್ನು ಮಾಡಿನೋಡಬಹುದು. ಅದೇ ಛಾಯಾಚಿತ್ರವನ್ನು ಕನ್ನಡಿಯ ಮುಂದೆ ಹಿಡಿಯೋಣ. ಪರಶು ಪರಶುವಾಗಿಯೇ ಕಾಣುತ್ತದೆ; ನಂದಿ ನಂದಿಯಾಗಿಯೇ ಉಳಿಯುತ್ತದೆ. ಮೇಲಿದ್ದ ಕಿರೀಟ ಮೇಲೆಯೇ ಇರುತ್ತದೆ. ಬದಲಾಗುವುದು ಎಡಬಲಗಳು ಮಾತ್ರ. ಎಂದರೆ, ಹೆಸರೆಂಬುದು ವಸ್ತುವಿನ ಆಕಾರಕ್ಕೆ ಅಂಟಿಕೊಂಡಿರುವಂಥದು. ಮೇಲುಕೆಳಗುಗಳು ಭೂಮಿಗೆ ಅಂಟಿಕೊಂಡಿರುವಂಥವು, ಅವು ಎಲ್ಲ ನೋಡುಗರಿಗೂ ಸಮಾನ. ಎಡಬಲಗಳಾದರೋ ವಸ್ತುವಿನಲ್ಲಿಯೂ ಇಲ್ಲ, ಭೂಮಿಯಲ್ಲಿಯೂ ಇಲ್ಲ. ಯಾರ ಮೈಯನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದೇವೆಂಬುದನ್ನು ಅವು ಅವಲಂಬಿಸಿವೆ.

ಹೀಗೆ ಕನ್ನಡಿಯಲ್ಲಿ ತಿರುಗಿದ ಚಿತ್ರವೊಂದು ಇತಿಹಾಸಕಾರರನ್ನೇ ಬಹುಕಾಲ ವಂಚಿಸಿದ ನಿದರ್ಶನವುಂಟು. ಅಮೆರಿಕದ ನ್ಯೂ ಮೆಕ್ಸಿಕೊ ಪ್ರಾಂತದ ಫೋರ್ಟ್ ಸಮ್ನರ್‌ನಲ್ಲಿ 1879-80ರ ಸುಮಾರಿಗೆ ‘ಬಿಲ್ಲಿ ದಿ ಕಿಡ್’ ಎಂಬ ಪ್ರಸಿದ್ಧ ದರೋಡೆಕೋರನ ಚಿತ್ರವನ್ನು ತೆಗೆಯಲಾಯಿತು. ಅದು ತಗಡಿನ ಮೇಲೆ ನೇರವಾಗಿ ಮೂಡಿಸುವ ಟಿನ್‌ಟೈಪ್ ಎಂಬ ಬಗೆಯದು. ಈ ಬಗೆಯಲ್ಲಿ ನೆಗೆಟಿವ್‌ನಿಂದ ಮತ್ತೆ ಮುದ್ರಿಸುವ ಹಂತವಿಲ್ಲದಿರುವುದರಿಂದ ಚಿತ್ರವು ಎಡಬಲ ತಿರುಗಿಯೇ ಉಳಿಯುತ್ತದೆ. ಅದರಲ್ಲಿ ಪಿಸ್ತೂಲು ಅವನ ಎಡಸೊಂಟದಲ್ಲಿ ಕಾಣುವುದನ್ನು ನೋಡಿ ಅವನನ್ನು ಎಡಚನೆಂದು ನಂಬಿದರು. 1958ರಲ್ಲಿ ಅವನ ಕಥೆಯನ್ನೊಳಗೊಂಡ ಚಲನಚಿತ್ರವೊಂದು ‘ದಿ ಲೆಫ್ಟ್ ಹ್ಯಾಂಡೆಡ್ ಗನ್’ ಎಂಬ ಹೆಸರಿನಿಂದಲೇ ಬಂದಿತು. ಈ ಭ್ರಮೆಯನ್ನು ನಿವಾರಿಸಿದ್ದು ಅವನ ಕೈಯಲ್ಲಿದ್ದ ಕೋವಿ. ಅದು 1873ರ ಮಾದರಿಯ ವಿಂಚೆಸ್ಟರ್. ಅದಕ್ಕೆ ತೋಟಾ ತುಂಬುವ ಬಾಗಿಲು ಇರುವುದು ಬಲಮಗ್ಗುಲಲ್ಲಿ. ಚಿತ್ರದಲ್ಲಿಯೋ ಅದು ಎಡಮಗ್ಗುಲಲ್ಲಿ ಕಾಣುತ್ತದೆ. ಕೋವಿಯ ಹೆಸರನ್ನು ಹೇಳುವುದರಲ್ಲಿ ಯಾರೂ ತಪ್ಪಿರಲಿಲ್ಲ. ತಪ್ಪಿದ್ದು ಕೈಯ ವಿಷಯದಲ್ಲಿ ಮಾತ್ರ.

ಆದರೆ ಚಿತ್ರವು ತಿರುಗದೆ ಸರಿಯಾಗಿದ್ದಾಗಲೂ ತೊಡಕು ಮುಗಿಯುವುದಿಲ್ಲ. ಮೂರ್ತಿಶಿಲ್ಪವನ್ನು ವರ್ಣಿಸುವವರು ಬಲವೆಂದಾಗ ಮೂರ್ತಿಯ ಬಲವನ್ನು ಹೇಳುತ್ತಾರೆ. ಹರಿಹರನ ಬಲಾರ್ಧ ಶಿವ, ಎಡಾರ್ಧ ವಿಷ್ಣು. ಅರ್ಧನಾರೀಶ್ವರನ ಬಲಾರ್ಧ ಪುರುಷ, ಎಡಾರ್ಧ ಸ್ತ್ರೀ. ಮೂರ್ತಿಯು ನಮಗೆ ಅಭಿಮುಖವಾಗಿ ನಿಂತಿರುವುದರಿಂದ ಅದರ ಬಲವು ನಮ್ಮ ಎಡಗಡೆ ಬೀಳುತ್ತದೆ. ಪ್ರವಾಸಿಗರ ಕೈಪಿಡಿಯಾಗಲಿ ವೃತ್ತಪತ್ರಿಕೆಯಾಗಲಿ ‘ಎಡದಿಂದ ಬಲಕ್ಕೆ’ ಎಂದು ಬರೆದಾಗ ಅದು ನೋಡುಗನ ಎಡಬಲ. ಎರಡೂ ಪದ್ಧತಿಗಳು ಸಾಧುವಾದುವೇ. ಆದರೆ ಯಾವುದನ್ನು ಹಿಡಿದಿದ್ದೇವೆಂದು ಹೇಳುವ ವಾಡಿಕೆ ವಿರಳ. ನಾನು ಮೊದಲಲ್ಲಿ ಹೇಳಿದ ವಿವರಣೆಯಲ್ಲಿ ಶಿವನು ಮೂರ್ತಿಯ ಬಲದಲ್ಲಿದ್ದಾನೆ, ಪಾರ್ವತಿಯು ನೋಡುಗನ ಎಡದಲ್ಲಿದ್ದಾಳೆ. ಬಿಡಿಬಿಡಿಯಾಗಿ ಎರಡು ಮಾತುಗಳೂ ನಿಜವೇ. ಒಂದೇ ವಾಕ್ಯದಲ್ಲಿ ಸೇರಿದಾಗ ಸುಳ್ಳಾಗುತ್ತವೆ.

ಇನ್ನು ಯಂತ್ರದ ಕಲಿಕೆಯನ್ನು ನೋಡೋಣ. 2021ರಲ್ಲಿ ಪ್ರಕಟವಾದ ‘ಕ್ಲಿಪ್’ ಎಂಬ ಮಾದರಿಯು 40 ಕೋಟಿ ಚಿತ್ರಗಳನ್ನೂ ಅವುಗಳ ಜೊತೆಯ ಬರಹಗಳನ್ನೂ ನೋಡಿ ಕಲಿತುದು. ಅನಂತರದ ಅನೇಕ ವಿವರಣಾಯಂತ್ರಗಳಿಗೆ ಅದೇ ಕಣ್ಣಾಯಿತು. ಅದಕ್ಕೆ ಒಡ್ಡಿದ ಪರೀಕ್ಷೆ ಇಷ್ಟೇ: ಸಾವಿರಾರು ಬರಹಗಳ ರಾಶಿಯಿಂದ ಚಿತ್ರಕ್ಕೆ ತಕ್ಕುದನ್ನು ಆರಿಸುವುದು. ಹರಿಹರನ ಚಿತ್ರವನ್ನು ಕೊಟ್ಟಾಗ ರಾಶಿಯಲ್ಲಿರುವ ಬೇರೆ ಬರಹಗಳು ನಾಯಿಯದೋ ಕಾರಿನದೋ ಆಗಿರುತ್ತವೆ. ಹೆಸರುಗಳನ್ನು ಬಲ್ಲರೆ ಆಯ್ಕೆ ಸುಲಭ. ಶಿವ ವಿಷ್ಣುಗಳನ್ನು ಅದಲುಬದಲು ಮಾಡಿದ ಇನ್ನೊಂದು ಬರಹವು ಆ ರಾಶಿಯಲ್ಲಿ ಇರುವುದು ಅಪೂರ್ವ. ಆದುದರಿಂದ ಸ್ಥಾನವನ್ನು ಕಲಿಯುವ ಅಗತ್ಯವೇ ಅದಕ್ಕೆ ಒದಗಲಿಲ್ಲ. ಜೊತೆಗೆ ಜನರು ಚಿತ್ರದ ಕೆಳಗೆ ಎಡಬಲಗಳನ್ನು ಬರೆಯುವುದೇ ಕಡಮೆ; ಬರೆದಾಗ ಅದು ಯಾರ ಎಡವೆಂದು ತಿಳಿಯದು. ಇದಲ್ಲದೆ ವಸ್ತುಗಳನ್ನು ಗುರುತಿಸುವ ಯಂತ್ರಗಳನ್ನು ತರಬೇತು ಮಾಡುವಾಗ ಚಿತ್ರಗಳನ್ನು ಎಡಬಲ ತಿರುಗಿಸಿ ಸಂಖ್ಯೆಯನ್ನು ಹೆಚ್ಚಿಸುವುದು ಹಳೆಯ ರೂಢಿ. 2012ರ ಪ್ರಸಿದ್ಧ ‘ಅಲೆಕ್ಸ್‌ನೆಟ್’ ಕೂಡ ಹೀಗೆಯೇ ಕಲಿತಿತು. ಹೆಸರಿಗೆ ಇದು ಉಪಕಾರಿ. ಎಡಬಲಗಳು ಲೆಕ್ಕಕ್ಕೆ ಬಾರವೆಂದು ಬೋಧಿಸಿದಂತೆಯೂ ಆಯಿತು.

ಈ ಊಹೆಗೆ ಪ್ರಮಾಣವುಂಟು. 2023ರಲ್ಲಿ ಅಮಿತಾ ಕಾಮತ್, ಜ್ಯಾಕ್ ಹೆಸೆಲ್, ಕೈ-ವೈ ಚಾಂಗ್ ಎಂಬ ಸಂಶೋಧಕರು 820 ಚಿತ್ರಗಳ ಪರೀಕ್ಷೆಯೊಂದನ್ನು ರಚಿಸಿದರು. ಮನೆಬಳಕೆಯ ಎರಡು ವಸ್ತುಗಳನ್ನು, ಉದಾಹರಣೆಗೆ ಲೋಟ ಮತ್ತು ಮೇಜನ್ನು, ಬೇರೆಬೇರೆ ಸ್ಥಾನಗಳಲ್ಲಿಟ್ಟು ಚಿತ್ರ ತೆಗೆದರು. ಆರಿಸಬೇಕಾದ ವಾಕ್ಯಗಳಲ್ಲಿ ಹೆಸರುಗಳು ಒಂದೇ; ಸ್ಥಾನವನ್ನು ಸೂಚಿಸುವ ಮಾತು ಮಾತ್ರ ಬೇರೆ. ಹೆಸರಿನ ಊರುಗೋಲನ್ನು ಹೀಗೆ ಕಿತ್ತುಕೊಂಡಾಗ, ಚಿತ್ರಗಳ ಕುರಿತ ಪ್ರಶ್ನೋತ್ತರದಲ್ಲಿ ಮನುಷ್ಯರಿಗೆ ಸಮೀಪವಾಗಿದ್ದ ಮಾದರಿಯೊಂದು ಇದನ್ನೊಳಗೊಂಡ ಪರೀಕ್ಷೆಗಳಲ್ಲಿ ನೂರಕ್ಕೆ 56ರಷ್ಟು ಮಾತ್ರ ಸರಿಯಾಯಿತು. ಮನುಷ್ಯರು 99ರಷ್ಟು ಸರಿಯಾದರು. ಈ ಅಂಕಿಗಳು ಆ ವರ್ಷದ ಮಾದರಿಗಳಿಗೆ ಸಂಬಂಧಿಸಿದುವು. ಕಾರಣವು ಮಾತ್ರ ಕಲಿಕೆಯ ರೀತಿಯಲ್ಲಿಯೇ ಇದೆ.

ನಮ್ಮ ಕ್ಷೇತ್ರದಲ್ಲಿ ಇನ್ನೊಂದು ಅಪಾಯವಿದೆ. ಹರಿಹರನ ಬಲಾರ್ಧ ಶಿವನೆಂಬುದು ಗ್ರಂಥಗಳಲ್ಲಿ ಪದೇಪದೇ ಬರುವ ಮಾತು. ಚಿತ್ರವನ್ನು ನೋಡದೆಯೂ ಅದನ್ನು ಹೇಳಬಹುದು. ಆದುದರಿಂದ ವಿವರಣೆ ಸರಿಯಾಗಿದೆಯೆಂದ ಮಾತ್ರಕ್ಕೆ ಅದು ನೋಡಿ ಬರೆದುದೆನ್ನಲಾಗದು. ಪರೀಕ್ಷಿಸುವ ಉಪಾಯವೆಂದರೆ ಚಿತ್ರವನ್ನು ಎಡಬಲ ತಿರುಗಿಸಿ ಮತ್ತೆ ವಿವರಣೆ ಬರೆಯಿಸುವುದು. ಆಗ ಪರಶುವನ್ನು ಹಿಡಿದ ಕೈ ನೋಡುಗನ ಬಲಕ್ಕೆ ಬರಬೇಕು. ವಿವರಣೆಯಲ್ಲಿ ಅದು ಹಿಂದಿನ ಜಾಗದಲ್ಲಿಯೇ ಉಳಿದರೆ, ಬರೆದದ್ದು ರೂಢಿಯೇ ಹೊರತು ಕಣ್ಣಲ್ಲ. ವಿದ್ಯಾರ್ಥಿಯ ಟಿಪ್ಪಣಿಯನ್ನೂ ಹೀಗೆಯೇ ಪರೀಕ್ಷಿಸಬಹುದು.

ಆ ವಿವರಣೆಯನ್ನು ನಾವು ಕೊನೆಗೆ ಹೀಗೆ ತಿದ್ದಿದೆವು: ‘ಮೂರ್ತಿಯ ಬಲಾರ್ಧ, ಎಂದರೆ ನೋಡುಗನ ಎಡಗಡೆ, ಶಿವ, ಅದೇ ಪಕ್ಕದಲ್ಲಿ ನಂದಿ, ಪಾರ್ವತಿ.’ ಎರಡು ಮಾತು ಹೆಚ್ಚಾಯಿತು. ಪಾರ್ವತಿಯು ತನ್ನ ಸ್ಥಾನಕ್ಕೆ ಮರಳಿದಳು. ಯಂತ್ರವು ನಮ್ಮ ಬರಹಗಳನ್ನೇ ಓದಿ ಕಲಿಯುತ್ತದೆ. ಯಾರ ಬಲವೆಂಬುದನ್ನು ನಾವೇ ಬರೆಯದೆ ಹೋದರೆ ಅದು ಎಲ್ಲಿಂದ ಕಲಿತೀತು?