ಒಂದೇ ಬಂಗಾರಪೇಟೆ, ಎರಡು ಹ್ಯಾಶ್

ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ಕ್ಕೆ. ಗಣಿಗೆಂದೇ ಹಾಸಿದ್ದ ಕವಲು ಹಳಿಯ ಮೇಲೆ ರೈಲು ಮಾತ್ರ ಇಂದಿಗೂ ಓಡುತ್ತಿದೆ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಿಗೆ ಹೋಗಿಬರುವ ಕೆಜಿಎಫ್‌ನವರಿಗೆ ಅದರ ನಿಲ್ದಾಣಗಳ ಹೆಸರು ಬಾಯಿಪಾಠ: ಬಂಗಾರಪೇಟೆ, ಬಿಇಎಂಎಲ್ ನಗರ, ಕೋರಮಂಡಲ, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಈ ಆರು ಹೆಸರುಗಳನ್ನು ಸಾಲಿಗೊಂದರಂತೆ `nildana.txt` ಎಂಬ ಕಡತದಲ್ಲಿ ಬರೆದು ಗಿಟ್‌ಗೆ ಒಪ್ಪಿಸಿದಿರಿ ಎನ್ನೋಣ. ಆಮೇಲೆ ಹಳೆಯ ದಾಖಲೆಯೊಂದರಿಂದ ಮೊದಲ ಹೆಸರನ್ನು ನಕಲಿಸಿ ಅದೇ ಜಾಗಕ್ಕೆ ಅಂಟಿಸಿದಿರಿ. ಆಗ `git diff` ಹೀಗೆ ತೋರಿಸಬಹುದು:

```
-ಬಂಗಾರಪೇಟೆ
+ಬಂಗಾರಪೇಟೆ
```

ಹಲವು ಫಾಂಟುಗಳಲ್ಲಿ ಎರಡೂ ಸಾಲು ಕಣ್ಣಿಗೆ ಒಂದೇ. ಗಿಟ್ ಮಾತ್ರ ಸಾಲು ಬದಲಾಗಿದೆ ಎನ್ನುತ್ತದೆ. ಅದು ಹೇಳುವುದೇ ಸರಿ. ಯಾಕೆಂದು ತಿಳಿಯಲು `.git/objects` ಕೋಶದೊಳಗೆ ಇಳಿಯಬೇಕು.

ಆ ಕೋಶದಲ್ಲಿ ಕಡತದ ಹೆಸರುಗಳು ಕಾಣುವುದಿಲ್ಲ. ಕಡತದ ಒಳಗಿರುವುದನ್ನು ಗಿಟ್ 'ಬ್ಲಾಬ್' ಎಂಬ ವಸ್ತುವಾಗಿ ಇಡುತ್ತದೆ. ಮೊದಲು ಅದರ ಉದ್ದವನ್ನು ಬೈಟ್‌ಗಳಲ್ಲಿ ಎಣಿಸಿ, `blob`, ಒಂದು ಖಾಲಿ ಜಾಗ, ಆ ಸಂಖ್ಯೆ, ಒಂದು ಶೂನ್ಯ ಬೈಟ್ ಇವಿಷ್ಟನ್ನು ತಲೆಗೆ ಸೇರಿಸುತ್ತದೆ. ಹೀಗೆ ಸೇರಿದ ಎಲ್ಲದರ ಮೇಲೂ ಎಸ್‌ಎಚ್‌ಎ-1 ಲೆಕ್ಕ ಮಾಡಿದಾಗ 40 ಅಕ್ಷರಗಳ ಹ್ಯಾಶ್ ಸಿಗುತ್ತದೆ. ಮೊದಲ 2 ಅಕ್ಷರ ಉಪಕೋಶದ ಹೆಸರಾಗುತ್ತದೆ, ಉಳಿದ 38 ಅದರೊಳಗಿನ ಕಡತದ ಹೆಸರಾಗುತ್ತದೆ. ಒಳಗಿನ ಹೂರಣವನ್ನು ಝಡ್‌ಲಿಬ್ ಕುಗ್ಗಿಸಿಡುತ್ತದೆ. `nildana.txt` ಎಂಬ ಹೆಸರು ಉಳಿಯುವುದು 'ಟ್ರೀ' ಎಂಬ ಇನ್ನೊಂದು ವಸ್ತುವಿನಲ್ಲಿ, ಬ್ಲಾಬ್‌ನ ಹ್ಯಾಶ್ ಜೊತೆಗೆ. ಟ್ರೀಯ ಹ್ಯಾಶ್ ಕಮಿಟ್‌ನೊಳಗೆ ಹೋಗುತ್ತದೆ. ಬ್ಲಾಬ್‌ನಲ್ಲಿ ಒಂದು ಬೈಟ್ ಬದಲಾದರೆ ಈ ಮೂರೂ ಹ್ಯಾಶ್ ಬದಲಾಗುತ್ತವೆ.

ಲೆಕ್ಕ ಬೈಟಿನದು, ಅಕ್ಷರದ್ದಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. 'ಬಂಗಾರಪೇಟೆ'ಯಲ್ಲಿ ಬ, ಸೊನ್ನೆ, ಗ, ಆಕಾರದ ಚಿಹ್ನೆ, ರ, ಪ, ಏಕಾರದ ಚಿಹ್ನೆ, ಟ, ಎಕಾರದ ಚಿಹ್ನೆ ಎಂದು 9 ಸಂಕೇತಗಳಿವೆ. 27 ಬೈಟ್, ಸಾಲಿನ ಕೊನೆಯದು ಸೇರಿ 28. ಆದರೆ ಏಕಾರವನ್ನು ಯೂನಿಕೋಡ್ ಎರಡು ರೀತಿಯಲ್ಲಿ ಬರೆಯಲು ಬಿಡುತ್ತದೆ: `U+0CC7` ಎಂಬ ಒಂದೇ ಸಂಕೇತವಾಗಿ, ಇಲ್ಲವೇ `U+0CC6` ಮತ್ತು ದೀರ್ಘದ `U+0CD5` ಎಂಬ ಜೋಡಿಯಾಗಿ. ಜೋಡಿ ಬಂದರೆ ಸಂಕೇತ 10, ಬೈಟ್ 31. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ದೀರ್ಘದ ಗುರುತು ಬೇರೆಯೇ ಅಚ್ಚಾಗಿತ್ತು. ಆ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಎರಡನ್ನೂ ಬೆಸೆಯದೆ ಬಿಟ್ಟರೆ ಹೀಗಾಗುತ್ತದೆ. 'ಕೋಲಾರ'ದ ಓಕಾರವೂ ಇದೇ ಬಗೆಯದು. ಬಿಡಿಸಿದರೆ ಅದು 3 ಸಂಕೇತ. ಅನುಮಾನ ಬಂದಾಗ ಕಣ್ಣನ್ನು ನಂಬಬೇಡಿ, ಉದ್ದ ಕೇಳಿ:

```
printf 'ಬಂಗಾರಪೇಟೆ\n' | wc -c
git cat-file -s HEAD:nildana.txt
```

ಮೊದಲನೆಯದು 28 ಎಂದರೆ ಸಂಕೇತ ಒಂದೇ, 31 ಎಂದರೆ ಜೋಡಿ. ಬದಲಾದ ಪಟ್ಟಿಯನ್ನೂ ಒಪ್ಪಿಸಿದ ಮೇಲೆ ಕೊಟ್ಟರೆ, ಎರಡನೆಯದು ಆ ಇಡೀ ಪಟ್ಟಿಯ ಬೈಟ್ ಸಂಖ್ಯೆಯನ್ನು ಹೇಳುತ್ತದೆ. ಹಿಂದಿನ ಕಮಿಟ್‌ನದಕ್ಕಿಂತ ಅದು 3 ಹೆಚ್ಚಿದ್ದರೆ ಕಾರಣ ಸಿಕ್ಕಂತೆ.

ಈಗ ಕೋಶದಲ್ಲಿ ಪಟ್ಟಿಯ ಎರಡು ಇಡೀ ಪ್ರತಿಗಳಿವೆ. ಗಿಟ್ ಬದಲಾವಣೆಯನ್ನಷ್ಟೇ ಬರೆದಿಡುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಪ್ರತಿ ಸಲವೂ ಪೂರ್ತಿ ಹೂರಣವನ್ನೇ ಇಡುತ್ತದೆ. ಬಿಡಿ ವಸ್ತುಗಳು ಸುಮಾರು 6,700 ದಾಟಿದಾಗ, ಅಥವಾ ನೀವೇ `git gc` ಕೊಟ್ಟಾಗ, ಅವು ಒಂದು ಪ್ಯಾಕ್‌ಫೈಲ್‌ಗೆ ಸೇರುತ್ತವೆ. ಗಿಟ್ ಆಗ ಒಂದೇ ಬಗೆಯ, ಹೆಸರಿನಲ್ಲೂ ಗಾತ್ರದಲ್ಲೂ ಹತ್ತಿರವಿರುವ ವಸ್ತುಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುತ್ತದೆ. ನಮ್ಮ ಎರಡು ಪಟ್ಟಿಗಳಲ್ಲಿ ಒಂದು ಇಡಿಯಾಗಿ ಉಳಿದು, ಇನ್ನೊಂದು 'ಡೆಲ್ಟಾ' ಆಗಬಹುದು. ಅಂದರೆ, ಆ ಪ್ರತಿಯಿಂದ ಇಷ್ಟು ಬೈಟ್ ನಕಲಿಸು, ಇವಿಷ್ಟನ್ನು ಹೊಸದಾಗಿ ಸೇರಿಸು, ಉಳಿದದ್ದನ್ನು ಮತ್ತೆ ನಕಲಿಸು ಎಂಬ ಪುಟ್ಟ ಸೂಚನೆ. ಯಾವುದು ಮೊದಲು ಬರೆದದ್ದು ಎಂಬುದು ಇಲ್ಲಿ ಮುಖ್ಯವಲ್ಲ. ಸಾಮಾನ್ಯವಾಗಿ ಹೊಸತೇ ಇಡಿಯಾಗಿದ್ದು ಹಳೆಯದು ಡೆಲ್ಟಾ ಆಗುತ್ತದೆ. `git verify-pack -v` ಕೊಟ್ಟು ಪ್ಯಾಕ್‌ನ `.idx` ಕಡತ ತೋರಿಸಿದರೆ, ಡೆಲ್ಟಾ ಆದ ವಸ್ತುವಿನ ಸಾಲಿನ ಕೊನೆಯಲ್ಲಿ ಅದರ ಆಧಾರದ ಹ್ಯಾಶ್ ಕಾಣುತ್ತದೆ.

ಡೆಲ್ಟಾ ಆದರೂ ಹ್ಯಾಶ್ ಬದಲಾಗುವುದಿಲ್ಲ, ಏಕೆಂದರೆ ಅದು ಬಿಡಿಸಿದ ಪೂರ್ತಿ ಹೂರಣದ ಹೆಸರು. `.idx` ಸೂಚಿಯಲ್ಲಿ ಹ್ಯಾಶ್‌ಗಳನ್ನು ವಿಂಗಡಿಸಿ ಬರೆದಿರುತ್ತದೆ, ಜೊತೆಗೆ ಪ್ಯಾಕ್‌ನಲ್ಲಿ ಅವು ಇರುವ ಜಾಗ. ಹುಡುಕಿ ತೆಗೆದು ಬಿಡಿಸಿದರೆ ಅದೇ 3 ಬೈಟ್ ಹೆಚ್ಚಿನ ಪಟ್ಟಿ ಮರಳುತ್ತದೆ. ಹಾಗಾಗಿ ಪ್ಯಾಕ್ ಮಾಡುವುದರಿಂದ ಏಕಾರದ ಗೊಂದಲ ಪರಿಹಾರವಾಗದು. ಈಗ ಪಟ್ಟಿ ತಿದ್ದಿ ಒಪ್ಪಿಸಿದರೂ ಮಧ್ಯದ ಕಮಿಟ್ ತನ್ನ ಜೋಡಿ ಏಕಾರದೊಂದಿಗೇ ಉಳಿಯುತ್ತದೆ. ಕನ್ನಡ ಪಠ್ಯವನ್ನು ಗಿಟ್‌ನಲ್ಲಿ ಇಡುವವರು `git add` ಕೊಡುವ ಮೊದಲೇ ಎಲ್ಲವನ್ನೂ ಬೆಸೆದ ರೂಪಕ್ಕೆ, ಎಂದರೆ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತಂದುಕೊಳ್ಳಬೇಕು.