ಷೆಂಗೆನ್ ವೀಸಾದ ಕವರಿಂಗ್ ಲೆಟರ್: ರಾತ್ರಿಗಳ ಲೆಕ್ಕ

ಯುರೋಪಿಗೆ ಷೆಂಗೆನ್ ಪ್ರವಾಸಿ ವೀಸಾ ಕೇಳುವವರಿಗೆ ಏಜೆಂಟರು ಬರೆದುಕೊಡುವ ಎಷ್ಟೋ ಕವರಿಂಗ್ ಲೆಟರ್‌ಗಳಲ್ಲಿ ಒಂದು ಗಳಿಗೆಯೂ ಬಿಡುವಿರುವುದಿಲ್ಲ. ಈಚೆಗೆ ಓದಿದ ಒಂದು ಪತ್ರದಲ್ಲಿ ಮೇ 10ರಿಂದ 19ರೊಳಗೆ ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಇಂಟರ್‌ಲಾಕೆನ್, ವೆನಿಸ್, ರೋಮ್ ಎಲ್ಲವೂ ಇದ್ದವು. ಲೂವ್ರ್ ಮ್ಯೂಸಿಯಂ ನೋಡುವುದು ಮಂಗಳವಾರವಂತೆ. ಅಂದು ಅದಕ್ಕೆ ವಾರದ ರಜೆ. ಹೋಟೆಲ್ ಬುಕಿಂಗ್ ಇದ್ದದ್ದು ಮೂರೇ ಊರುಗಳಲ್ಲಿ.

ಪತ್ರ ಸೋಲುವುದು ಇಲ್ಲೇ. ಅಧಿಕಾರಿ ಅದನ್ನು ಓದುವುದು ಟಿಕೆಟ್, ಹೋಟೆಲ್, ವಿಮೆ, ರಜೆ ಪತ್ರಗಳ ಪಕ್ಕದಲ್ಲಿಟ್ಟುಕೊಂಡು. ಒಂದು ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದಕ್ಕೆ ಕಾಗದ ಸಿಗದಿದ್ದರೆ ಉಳಿದ ದಿನಗಳ ಮೇಲೂ ಅನುಮಾನ ಹುಟ್ಟುತ್ತದೆ. ಪ್ರವಾಸದ ಉದ್ದೇಶ, ವ್ಯವಸ್ಥೆಗಳ ಬಗ್ಗೆ ಕೊಟ್ಟ ಮಾಹಿತಿ ನಂಬಲರ್ಹವಲ್ಲ ಎಂಬುದು ನಿರಾಕರಣೆಯ ನಮೂನೆಯಲ್ಲೇ ಅಚ್ಚಾಗಿರುವ ಒಂದು ಕಾರಣ.

ಅದೇ ಹತ್ತು ದಿನವನ್ನು ಎರಡು ಊರಿಗೆ ಇಳಿಸಿದರೆ ಪತ್ರಕ್ಕೆ ಜೀವ ಬರುತ್ತದೆ. ಪ್ಯಾರಿಸ್‌ನಲ್ಲಿ 10ರಿಂದ 5 ರಾತ್ರಿ. 15ರಂದು ಬಾಸೆಲ್ ಮಾರ್ಗವಾಗಿ ರೈಲಿನಲ್ಲಿ ಇಂಟರ್‌ಲಾಕೆನ್, ಅಲ್ಲಿ 4 ರಾತ್ರಿ. 19ರಂದು ಜ್ಯೂರಿಕ್‌ನಿಂದ ವಾಪಸ್. ಹೆಚ್ಚು ದಿನ ತಂಗುವುದು ಫ್ರಾನ್ಸಿನಲ್ಲಿ, ಆದ್ದರಿಂದ ಅರ್ಜಿಯೂ ಫ್ರಾನ್ಸಿಗೇ. ದಿನಕ್ಕೊಂದು ಮುಖ್ಯ ಜಾಗ ಸಾಕು. ಇಳಿದ ದಿನ ಹೋಟೆಲ್ ಸೇರಿ ಸಂಜೆ ಸೇನ್ ನದಿಯ ದಂಡೆಯಲ್ಲಿ ನಡೆದಾಡುವುದು ಎಂದಷ್ಟೇ ಬರೆದರೆ, ರಾತ್ರಿಯಿಡೀ ವಿಮಾನದಲ್ಲಿ ಕೂತು ಬಂದವರು ಮಾಡುವುದೇ ಅದು ಎಂದು ಓದಿದವರಿಗೆ ಅನ್ನಿಸುತ್ತದೆ.

ತಾರೀಖು ತಪ್ಪುವುದು ಹೆಚ್ಚಾಗಿ ಮಧ್ಯರಾತ್ರಿಯ ವಿಮಾನದಿಂದ. ಮನೆ ಬಿಡುವುದು 9ರ ರಾತ್ರಿ, ಟಿಕೆಟ್ಟಿನಲ್ಲಿರುವುದು 10. ಪತ್ರದಲ್ಲಿ 9 ಎಂದು ಬರೆದು ಹೋಟೆಲ್ 10ರಿಂದ ತೋರಿಸಿದರೆ ಒಂದು ರಾತ್ರಿ ಕಾಣೆಯಾಗುತ್ತದೆ. ವಿಮೆಗೆ ಕನಿಷ್ಠ 30,000 ಯೂರೋ ರಕ್ಷಣೆ ಬೇಕು, ಅದೂ ಇಳಿಯುವ ಮತ್ತು ಹೊರಡುವ ಎರಡೂ ದಿನವನ್ನು ಒಳಗೊಂಡು.

ನಂಬಿಕೆ ಹುಟ್ಟಿಸಲು ಎಲ್ಲದಕ್ಕೂ ಮೊದಲೇ ದುಡ್ಡು ಕಟ್ಟಬೇಕಿಲ್ಲ. ಒಂಬತ್ತೂ ರಾತ್ರಿಗೆ ರದ್ದು ಮಾಡಬಹುದಾದ ಹೋಟೆಲ್ ಬುಕಿಂಗ್, ವಿಮಾನಕ್ಕೆ ರಿಸರ್ವೇಶನ್ ಸಾಕು. ಆದರೆ ಅರ್ಜಿ ಕೊಟ್ಟ ಮರುದಿನವೇ ಹೋಟೆಲ್ ರದ್ದು ಮಾಡಿ ಎನ್ನುವ ಏಜೆಂಟರ ಸಲಹೆ ನನಗೆ ಒಪ್ಪಿಗೆಯಿಲ್ಲ. ಅರ್ಜಿ ಇತ್ಯರ್ಥವಾಗುವ ಮುಂಚೆ ಅಧಿಕಾರಿ ಹೋಟೆಲಿಗೆ ವಿಚಾರಿಸಿದರೆ ನಿಜವಾದ ಪ್ರವಾಸವೂ ಸುಳ್ಳಾಗಿ ಕಾಣುತ್ತದೆ. ಮ್ಯೂಸಿಯಂ, ರೈಲಿನ ಟಿಕೆಟ್ ವೀಸಾ ಬಂದ ಮೇಲೆ ಕೊಂಡರಾಯಿತು.

ಯುಂಗ್‌ಫ್ರಾಯೋಖ್‌ಗೆ ಹೋಗುವ ದಿನವನ್ನು ನಾನಂತೂ "16 ಅಥವಾ 17, ಮೋಡ ನೋಡಿಕೊಂಡು" ಎಂದೇ ಬರೆಯುತ್ತೇನೆ. ಎರಡೂ ರಾತ್ರಿ ಇಂಟರ್‌ಲಾಕೆನ್‌ನ ಅದೇ ಕೋಣೆಯಲ್ಲಿ ಇರುವುದರಿಂದ ಈ ಸಡಿಲದಿಂದ ಬೇರೆ ಯಾವ ಕಾಗದದ ತಾರೀಖೂ ಕದಲುವುದಿಲ್ಲ.