ಮಾರುಕಟ್ಟೆಯ ದಕ್ಷತೆ: ಯಾವ ರೂಪಕ್ಕೆ ಯಾವ ಸಾಕ್ಷ್ಯ?

2013ರ ಏಪ್ರಿಲ್ 12ರಂದು ಬೆಂಗಳೂರಿನ ಇನ್ಫೋಸಿಸ್ ತನ್ನ ತ್ರೈಮಾಸಿಕ ಫಲಿತಾಂಶವನ್ನು ಪ್ರಕಟಿಸಿತು. ಮುಂದಿನ ವರ್ಷ ಡಾಲರ್ ಲೆಕ್ಕದಲ್ಲಿ ವರಮಾನ ಶೇಕಡಾ 6ರಿಂದ 10ರಷ್ಟು ಮಾತ್ರ ಬೆಳೆಯಬಹುದೆಂದು ಅದು ಹೇಳಿತು. ಮಾರುಕಟ್ಟೆ ಇದಕ್ಕಿಂತ ಹೆಚ್ಚನ್ನು ನಿರೀಕ್ಷಿಸಿತ್ತು. ಒಂದೇ ದಿನದಲ್ಲಿ ಷೇರಿನ ಬೆಲೆ ಸುಮಾರು ಶೇಕಡಾ 21ರಷ್ಟು ಕುಸಿಯಿತು. ಹೊನ್ನಾವರದ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಈ ಘಟನೆ ಈಗಲೂ ಚರ್ಚೆಗೆ ಬರುವುದುಂಟು. ಒಬ್ಬರು, "ನೋಡಿ ಸರ್, ಮಾರುಕಟ್ಟೆ ದಕ್ಷವಾಗಿದ್ದರೆ ಹೀಗೆ ಬೀಳುತ್ತಿತ್ತೇ?" ಎನ್ನುತ್ತಾರೆ. ಇನ್ನೊಬ್ಬರು, ಬೆಲೆಗಳು ಯಾದೃಚ್ಛಿಕವಾಗಿ ಚಲಿಸುವುದರಿಂದ ಮಾರುಕಟ್ಟೆ ದಕ್ಷವೇ ಎಂದು ವಾದಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಬ್ಬರ ಸಾಕ್ಷ್ಯವೂ ಅವರು ಹೇಳುವ ಮಾತಿಗೆ ಹೊಂದುವುದಿಲ್ಲ. ಇದಕ್ಕೆ ಪಠ್ಯಪುಸ್ತಕಗಳೂ ಸ್ವಲ್ಪ ಮಟ್ಟಿಗೆ ಕಾರಣ. ಅವು ಮೂರು ರೂಪಗಳ ವ್ಯಾಖ್ಯೆ ಕೊಡುತ್ತವೆ, ಪ್ರಯೋಗವನ್ನು ಹೇಳುವುದಿಲ್ಲ.

ಯೂಜಿನ್ ಫಾಮಾ 1970ರಲ್ಲಿ ಬರೆದ ವಿಮರ್ಶಾ ಲೇಖನದಿಂದ ಈ ವಿಂಗಡಣೆ ಪ್ರಸಿದ್ಧವಾಯಿತು. ಹಿಂದಿನ ಬೆಲೆಗಳಲ್ಲಿರುವ ಮಾಹಿತಿಯೆಲ್ಲ ಇಂದಿನ ಬೆಲೆಯಲ್ಲಿ ಸೇರಿಹೋಗಿದೆ ಎಂಬುದು ದುರ್ಬಲ ರೂಪ. ಸಾರ್ವಜನಿಕ ಮಾಹಿತಿಯೆಲ್ಲವೂ ಸೇರಿದೆ ಎಂಬುದು ಅರೆಪ್ರಬಲ ರೂಪ. ಒಳಗಿನವರಿಗೆ ಮಾತ್ರ ತಿಳಿದಿರುವುದೂ ಸೇರಿದೆ ಎಂಬುದು ಪ್ರಬಲ ರೂಪ. ಇವು ಒಂದರೊಳಗೊಂದು ಅಡಗಿದ ಗಣಗಳಂತೆ. ಆದ್ದರಿಂದ ದುರ್ಬಲ ರೂಪ ಸುಳ್ಳಾದರೆ ಉಳಿದೆರಡೂ ಸುಳ್ಳಾಗುತ್ತವೆ. ಆದರೆ ದುರ್ಬಲ ರೂಪ ಪರೀಕ್ಷೆಯಲ್ಲಿ ಗೆದ್ದ ಮಾತ್ರಕ್ಕೆ ಉಳಿದೆರಡರ ಬಗ್ಗೆ ಏನೂ ಸಿದ್ಧವಾಗುವುದಿಲ್ಲ. ಎರಡನೆಯ ಸಹೋದ್ಯೋಗಿಯ ವಾದ ಎಡವುವುದು ಇಲ್ಲಿಯೇ.

ದುರ್ಬಲ ರೂಪದ ಪರೀಕ್ಷೆಗೆ ಬೆಲೆಗಳ ಪಟ್ಟಿಯೊಂದೇ ಸಾಕು. ದಿನದಿನದ ಶೇಕಡಾ ಬದಲಾವಣೆಯನ್ನು ಬರೆದುಕೊಂಡು, ಇಂದಿನ ಬದಲಾವಣೆಗೂ ನಿನ್ನೆಯದಕ್ಕೂ ಇರುವ ಸಹಸಂಬಂಧ ಗುಣಾಂಕ r ಅನ್ನು ಲೆಕ್ಕಹಾಕಬೇಕು. ಸಂಬಂಧವೇ ಇಲ್ಲದಿದ್ದರೂ r ನಿಖರವಾಗಿ ಸೊನ್ನೆ ಬರುವುದಿಲ್ಲ. N ದಿನಗಳ ಪಟ್ಟಿಯಲ್ಲಿ ಅದರ ಪ್ರಮಾಣದೋಷ ಸುಮಾರು 1/√N. ವರ್ಷದ 250 ವಹಿವಾಟಿನ ದಿನಗಳಿಗೆ ಇದು 0.063. ಹಾಗಾಗಿ r ಇದರ ಎರಡರಷ್ಟು, ಅಂದರೆ 0.126 ದಾಟಿದಾಗ ಮಾತ್ರ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬಹುದು. ದಾಟಿದರೂ ಲಾಭವಾಗುತ್ತದೆಯೇ? ದಿನದ ಏರಿಳಿತದ ಮಾನಕ ವಿಚಲನೆ ಶೇಕಡಾ 2 ಎಂದಿಟ್ಟುಕೊಳ್ಳಿ. ನಿನ್ನೆ ಬೆಲೆ ಅಷ್ಟೇ ಏರಿದ್ದರೆ ಇಂದು ನಿರೀಕ್ಷಿಸಬಹುದಾದ ಏರಿಕೆ 0.126 × 2, ಅಂದರೆ ಶೇಕಡಾ 0.25. ಷೇರನ್ನು ಕೈವಶ ಪಡೆದು ಮಾರುವವನಿಗೆ ಕೊಳ್ಳುವಾಗ ಶೇಕಡಾ 0.1, ಮಾರುವಾಗ ಶೇಕಡಾ 0.1 ವಹಿವಾಟು ತೆರಿಗೆಯೇ ಬೀಳುತ್ತದೆ. ದಲಾಲಿ ಬೇರೆ. ಗ್ರಾಫು ನೋಡಿ ನಾಳಿನ ಬೆಲೆ ಹೇಳಿಕೊಡುತ್ತೇವೆಂದು ಶುಲ್ಕ ಕೇಳುವವರ ಮುಂದೆ ಇಡಬೇಕಾದ ಲೆಕ್ಕ ಇದು.

ಇಲ್ಲೊಂದು ತೊಡಕಿದೆ. ನಮ್ಮ ಕಡೆಯ ಓದುಗರಿಗೆ ಅದು ಅಡಿಕೆಯಿಂದ ಬೇಗ ಅರ್ಥವಾದೀತು. ಕುಮಟಾ ಮಾರುಕಟ್ಟೆಯ ಧಾರಣೆಯಲ್ಲಿ ಸಾಮಾನ್ಯವಾಗಿ ಹೊಸ ಚಾಲಿಗಿಂತ ಹಳೆ ಚಾಲಿಗೆ ಹೆಚ್ಚು ಬೆಲೆ. ಇದು ಎಲ್ಲರಿಗೂ ಗೊತ್ತು, ಮೊದಲೇ ಹೇಳಬಹುದು. ಹಾಗಾದರೆ ಈ ಮಾರುಕಟ್ಟೆ ಅದಕ್ಷವೇ? ಅವಸರ ಬೇಡ. ಹೊಸ ಚಾಲಿಯನ್ನು ಇಟ್ಟುಕೊಂಡವರ ಮೂಲಧನಕ್ಕೆ ಬಡ್ಡಿಯಿದೆ, ಒಣಗಿ ಇಳಿಯುವ ತೂಕವಿದೆ, ಮಳೆಗಾಲದಲ್ಲಿ ಹುಳ ಹಿಡಿಯುವ, ಬೂಸ್ಟು ಬರುವ ಭಯವಿದೆ. ಬೆಲೆಯ ಅಂತರ ಈ ವೆಚ್ಚವನ್ನೂ ಅಪಾಯವನ್ನೂ ಮೀರಿದರೆ ಮಾತ್ರ ಆಕ್ಷೇಪ ನಿಲ್ಲುತ್ತದೆ. ಎಷ್ಟು ಪ್ರತಿಫಲ 'ಸಹಜ' ಎಂದು ಹೇಳುವ ಸಿದ್ಧಾಂತ ಕೈಯಲ್ಲಿಲ್ಲದೆ ಎಷ್ಟು 'ಹೆಚ್ಚು' ಎಂದು ಹೇಳಲಾಗದು. ಪರೀಕ್ಷೆ ವಿಫಲವಾದಾಗ ಮಾರುಕಟ್ಟೆ ತಪ್ಪಿತೋ ನಮ್ಮ ಸಹಜ ಪ್ರತಿಫಲದ ಸೂತ್ರ ತಪ್ಪಿತೋ ಬೇರ್ಪಡಿಸುವುದು ಕಷ್ಟ. ಇದನ್ನು ಜಂಟಿ ಊಹೆಯ ಸಮಸ್ಯೆ ಎನ್ನುತ್ತಾರೆ. ಮಾಪನಾಂಕ ತಿಳಿಯದ ಉಷ್ಣಮಾಪಕದಿಂದ ಕುದಿಬಿಂದುವನ್ನು ಅಳೆದಂತೆ ಇದು. ಫಾಮಾ ಇದನ್ನು ಒಪ್ಪಿಕೊಂಡಿದ್ದರು. 1991ರ ಲೇಖನದಲ್ಲಿ ದುರ್ಬಲ ರೂಪದ ಪರೀಕ್ಷೆಗಳಿಗೆ 'ಪ್ರತಿಫಲದ ಮುನ್ಸೂಚನೆ', ಅರೆಪ್ರಬಲಕ್ಕೆ 'ಘಟನಾ ಅಧ್ಯಯನ', ಪ್ರಬಲಕ್ಕೆ 'ಖಾಸಗಿ ಮಾಹಿತಿಯ ಪರೀಕ್ಷೆ' ಎಂದು ಹೆಸರು ಬದಲಿಸಿದರು. ಪಠ್ಯಗಳು ಈ ಹೆಸರುಗಳನ್ನೇ ಎತ್ತಿಕೊಳ್ಳಬಹುದಿತ್ತು. ಪ್ರಯೋಗ ಯಾವುದೆಂದು ಅವು ನೇರವಾಗಿ ಹೇಳುತ್ತವೆ.

ಈಗ ಇನ್ಫೋಸಿಸ್‌ಗೆ ಮರಳೋಣ. ಏಪ್ರಿಲ್ 12ರ ಘಟನೆ ಅರೆಪ್ರಬಲ ರೂಪಕ್ಕೆ ಸಂಬಂಧಿಸಿದ್ದು. ಏಕೆಂದರೆ ಅಲ್ಲಿ ಹೊಸ ಸಾರ್ವಜನಿಕ ಮಾಹಿತಿ ಒಂದು ನಿರ್ದಿಷ್ಟ ಗಳಿಗೆಯಲ್ಲಿ ಹೊರಬಿತ್ತು. ಕುಸಿತದ ಗಾತ್ರ ಇಲ್ಲಿ ಸಾಕ್ಷ್ಯವಲ್ಲ. ಸುದ್ದಿ ದೊಡ್ಡದಾದರೆ ದಕ್ಷ ಮಾರುಕಟ್ಟೆಯಲ್ಲೇ ಬೆಲೆ ಥಟ್ಟನೆ ಜಿಗಿಯಬೇಕು. ಅದೇ ವರ್ಷದ ಜನವರಿ 11ರಂದು ಇದೇ ಷೇರು ಫಲಿತಾಂಶದ ದಿನ ಸುಮಾರು ಶೇಕಡಾ 17ರಷ್ಟು ಏರಿತ್ತು. ಕೇಳಬೇಕಾದ ಪ್ರಶ್ನೆ, ಮರುದಿನದಿಂದ ಏನಾಯಿತು ಎಂಬುದು. ಪ್ರತಿದಿನದ ಪ್ರತಿಫಲದಿಂದ ಮಾರುಕಟ್ಟೆಯ ಒಟ್ಟಾರೆ ಚಲನೆಗೆ ತಕ್ಕ ಪಾಲನ್ನು ಕಳೆದರೆ ಅಸಹಜ ಪ್ರತಿಫಲ ಸಿಗುತ್ತದೆ. ಅದನ್ನು ಕೂಡುತ್ತಾ ಹೋಗಬೇಕು. ರೇಖೆ ಸಮತಟ್ಟಾಗಿದ್ದರೆ ಸುದ್ದಿ ಮೊದಲ ದಿನವೇ ಬೆಲೆಯಲ್ಲಿ ಸೇರಿತ್ತು. ಅದು ಸುದ್ದಿಯ ದಿಕ್ಕಿನಲ್ಲೇ ನಿಧಾನವಾಗಿ ಜಾರುತ್ತಿದ್ದರೆ, ಸುದ್ದಿ ಓದಿದ ಮೇಲೆ ವ್ಯವಹರಿಸಿದವನಿಗೂ ಲಾಭವಿತ್ತು ಎಂದರ್ಥ.

ಈ ಕಳೆಯುವ ಲೆಕ್ಕದಲ್ಲೂ ಎಚ್ಚರ ಬೇಕು. ಅಂದು ಸೆನ್ಸೆಕ್ಸ್ ಸುಮಾರು 300 ಅಂಶ ಇಳಿಯಿತು. ಆದರೆ ಆ ಸೂಚ್ಯಂಕದಲ್ಲಿ ಇನ್ಫೋಸಿಸ್‌ನದೇ ದೊಡ್ಡ ಪಾಲಿದ್ದು, ಇಳಿಕೆಯ ಬಹುಭಾಗ ಅದರಿಂದಲೇ ಬಂದಿತ್ತು. ಅಳೆಯುವ ವಸ್ತುವೇ ಅಳತೆಗೋಲನ್ನು ಎಳೆದಂತಾಯಿತು. ಅದನ್ನು ಹೊರಗಿಟ್ಟ ಸೂಚ್ಯಂಕವನ್ನೇ ಬಳಸಬೇಕು. ಅಲ್ಲದೆ ಒಂದು ಘಟನೆಯಿಂದ ತೀರ್ಪು ಸಿಗದು. ಆ ದಿನಗಳ ಬೇರೆ ಸುದ್ದಿಗಳೂ ರೇಖೆಯನ್ನು ಅಲ್ಲಾಡಿಸುತ್ತವೆ. ಜೂನ್ 1ರಂದೇ ನಾರಾಯಣ ಮೂರ್ತಿಯವರು ಕಂಪನಿಗೆ ಮರಳುವ ಸುದ್ದಿ ಬಂತು. ಅನೇಕ ಕಂಪನಿಗಳ ಅನೇಕ ಘಟನೆಗಳನ್ನು ಸರಾಸರಿ ಮಾಡಿದಾಗ ಮಾತ್ರ ಇಂಥ ಗದ್ದಲ ಒಂದನ್ನೊಂದು ಅಳಿಸುತ್ತದೆ. ಫಾಮಾ ಮತ್ತು ಸಂಗಡಿಗರು 1969ರಲ್ಲಿ 940 ಷೇರು ವಿಭಜನೆಗಳನ್ನು ಹೀಗೆ ಪರಿಶೀಲಿಸಿದಾಗ ರೇಖೆ ಸಮತಟ್ಟಾಗಿತ್ತು. ಆದರೆ ಲಾಭದ ಪ್ರಕಟಣೆಗಳನ್ನು ನೋಡಿದ ಬಾಲ್ ಮತ್ತು ಬ್ರೌನ್ 1968ರಲ್ಲೇ ಜಾರುವಿಕೆಯನ್ನು ಗುರುತಿಸಿದ್ದರು. ನಂತರದ ಅಧ್ಯಯನಗಳಲ್ಲೂ ಅದು ಮತ್ತೆ ಮತ್ತೆ ಕಂಡಿದೆ. ಅರೆಪ್ರಬಲ ರೂಪದ ವಿರುದ್ಧ ನನಗೆ ಅತ್ಯಂತ ಗಟ್ಟಿಯಾಗಿ ಕಾಣುವ ಸಾಕ್ಷ್ಯ ಇದು, ಕುಸಿತಗಳಲ್ಲ.

ಪ್ರಬಲ ರೂಪಕ್ಕೆ ಬೆಲೆಪಟ್ಟಿಯೂ ಸಾಲದು, ಪ್ರಕಟಣೆಯ ದಿನಾಂಕವೂ ಸಾಲದು. ಯಾರಿಗೆ ಏನು ಯಾವಾಗ ಗೊತ್ತಿತ್ತು ಎಂಬುದು ಬೇಕು. ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರು 2009ರ ಜನವರಿ 7ರಂದು ಲೆಕ್ಕಪತ್ರಗಳು ವರ್ಷಗಳಿಂದ ಸುಳ್ಳೆಂದು ಪತ್ರ ಬರೆದು ಒಪ್ಪಿಕೊಂಡಾಗ ಷೇರು ಸುಮಾರು 179 ರೂಪಾಯಿಯಿಂದ 40ಕ್ಕೆ ಬಿತ್ತು. ಒಳಗಿನವರಿಗೆ ತಿಳಿದಿದ್ದು ಹಿಂದಿನ ದಿನದ ಬೆಲೆಯಲ್ಲಿ ಇರಲಿಲ್ಲ. ಅಕ್ಷರಶಃ ತೆಗೆದುಕೊಂಡ ಪ್ರಬಲ ರೂಪ ಇಲ್ಲಿ ನಿಲ್ಲುವುದಿಲ್ಲ. ಆದರೆ ಇದೇ ಘಟನೆಯನ್ನು ಅರೆಪ್ರಬಲ ರೂಪದ ವಿರುದ್ಧ ಎತ್ತುವುದು ತಪ್ಪು. ಸಾರ್ವಜನಿಕರ ಮುಂದಿದ್ದದ್ದು ಸುಳ್ಳು ಲೆಕ್ಕ, ಬೆಲೆ ಅದನ್ನು ನಂಬಿತ್ತು.

ಪಠ್ಯಗಳು ಇಲ್ಲಿ ಮ್ಯೂಚುವಲ್ ಫಂಡ್‌ಗಳ ಸಾಕ್ಷ್ಯವನ್ನು ತರುತ್ತವೆ. 115 ಫಂಡ್‌ಗಳನ್ನು ಪರಿಶೀಲಿಸಿದ ಜೆನ್ಸನ್ 1968ರಲ್ಲಿ ಅವು ಸರಾಸರಿಯಲ್ಲಿ ಮಾರುಕಟ್ಟೆಯನ್ನು ಮೀರಿಸಲಿಲ್ಲವೆಂದು ತೋರಿಸಿದರು. ಇದನ್ನು ಪ್ರಬಲ ರೂಪದ ಸಮರ್ಥನೆ ಎನ್ನಲು ನನಗೆ ಮನಸ್ಸಿಲ್ಲ. ಫಂಡ್ ವ್ಯವಸ್ಥಾಪಕನ ಬಳಿ ಒಳಸುದ್ದಿ ಇತ್ತೆಂದು ಯಾರು ತೋರಿಸಿದ್ದಾರೆ? ಕಂಪನಿಯ ನಿರ್ದೇಶಕರೇ ಘೋಷಿಸಿದ ಸ್ವಂತ ವಹಿವಾಟುಗಳ ಅಧ್ಯಯನ ಇನ್ನೂ ಹತ್ತಿರದ ಪರೀಕ್ಷೆ. ಅಮೆರಿಕದಲ್ಲಿ 1974ರ ಜಾಫೆಯವರದೂ ಸೇರಿದಂತೆ ಇಂಥ ಅಧ್ಯಯನಗಳು ಅವರಿಗೆ ಹೆಚ್ಚಿನ ಪ್ರತಿಫಲ ಸಿಗುತ್ತಿದ್ದುದನ್ನು ಕಂಡಿವೆ. ಇವಕ್ಕೂ ಒಂದು ಮಿತಿಯಿದೆ. ಘೋಷಿಸಿದ ವಹಿವಾಟು ಬಹುಮಟ್ಟಿಗೆ ಕಾನೂನುಬದ್ಧವಾದದ್ದು. ಸೆಬಿಯ ನಿಯಮದಂತೆ ಭಾರತದಲ್ಲಿ ತ್ರೈಮಾಸಿಕ ಮುಗಿದಂದಿನಿಂದ ಫಲಿತಾಂಶ ಹೊರಬಿದ್ದು 48 ಗಂಟೆ ಕಳೆಯುವವರೆಗೆ ಒಳಗಿನವರು ಷೇರು ಮುಟ್ಟುವಂತಿಲ್ಲ. ಒಳಸುದ್ದಿಗೆ ಹೆಚ್ಚು ಬೆಲೆಯಿರುವ ದಿನಗಳೇ ಅವು. ಆ ದಿನಗಳಲ್ಲಿ ಬೇನಾಮಿ ಹೆಸರಿನಲ್ಲಿ ನಡೆದದ್ದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಆದ್ದರಿಂದ ಘೋಷಿತ ವಹಿವಾಟಿನಲ್ಲಿ ಕಂಡ ಲಾಭವನ್ನು ಒಳಸುದ್ದಿಯ ನಿಜವಾದ ಬೆಲೆಯ ಕನಿಷ್ಠ ಅಂದಾಜು ಎಂದಷ್ಟೇ ಓದಬಹುದು.